ನದಿ ಯಾರ ಜೊತೆ ಮಾತಾಡುತ್ತಿದೆ?

ಕಾಲೇಜಿನ ವಾಚನ ಸ್ಪರ್ಧೆಗೆ ‘ನದಿಯ ಸ್ವಗತ’ ಅಂತ ವಿಷಯ ಕೊಟ್ಟು ನೋಡಿ. ಬರುವ ಪದ್ಯಗಳಲ್ಲಿ ಹೆಚ್ಚಿನವು ಒಂದೇ ದಾರಿ ಹಿಡಿಯುತ್ತವೆ. ನದಿ ಬೆಟ್ಟದಲ್ಲಿ ಹುಟ್ಟುತ್ತದೆ, ಕಾಡಿನಲ್ಲಿ ನಲಿಯುತ್ತದೆ, ಬಯಲಿಗಿಳಿದು ಅನ್ನ ಕೊಡುತ್ತದೆ. ಆಮೇಲೆ ಊರು ಬರುತ್ತದೆ, ಕೊಳೆ ಸೇರುತ್ತದೆ, ‘ಓ ಮಾನವಾ’ ಅನ್ನುವ ಕೂಗು ಏಳುತ್ತದೆ. ಕೊನೆಗೆ ಕಡಲು. ಹೇಳುವ ಹುಡುಗಿಯ ದನಿ ಚೆನ್ನಾಗಿರುತ್ತದೆ, ಉಚ್ಚಾರ ಸ್ಪಷ್ಟವಾಗಿರುತ್ತದೆ, ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ತೀರ್ಪುಗಾರರ ಕುರ್ಚಿಯಲ್ಲಿ ಕೂತ ನನಗೆ ಮಾತ್ರ ಒಂದು ಪ್ರಶ್ನೆ ಕಾಡುತ್ತಲೇ ಇರುತ್ತದೆ: ಈ ನದಿ ಇದನ್ನೆಲ್ಲ ಯಾರಿಗೆ ಹೇಳುತ್ತಿದೆ? ಇವತ್ತೇ ಯಾಕೆ ಹೇಳುತ್ತಿದೆ?

ಅದು ಆತ್ಮಕಥೆ, ನಾಟಕೀಯ ಸ್ವಗತ ಅಲ್ಲ. ಎರಡಕ್ಕೂ ‘ನಾನು’ ಅನ್ನುವ ಒಂದು ಪಾತ್ರ ಇದೆ ಅನ್ನುವುದು ಬಿಟ್ಟರೆ ಹೋಲಿಕೆ ಕಡಿಮೆ. ಇಂಗ್ಲಿಷಿನಲ್ಲಿ ಹತ್ತೊಂಬತ್ತನೇ ಶತಮಾನದ ಕವಿ ಬ್ರೌನಿಂಗ್ ನಾಟಕೀಯ ಸ್ವಗತವನ್ನು ಎಷ್ಟು ಹದಕ್ಕೆ ತಂದನೆಂದರೆ, ಇವತ್ತಿಗೂ ಅದರ ಲಕ್ಷಣ ಹೇಳುವವರು ಅವನನ್ನೇ ಮುಂದಿಟ್ಟುಕೊಳ್ಳುತ್ತಾರೆ. ಮಾತಾಡುವವರು ಒಬ್ಬರು. ಎದುರಿಗೆ ಕೇಳುವವರೊಬ್ಬರು, ಅವರ ಮಾತು ನಮಗೆ ಕೇಳಿಸುವುದಿಲ್ಲ, ಆದರೆ ಅವರು ಅಲ್ಲಿದ್ದಾರೆ ಅನ್ನುವುದು ಪ್ರತಿ ಸಾಲಿನಲ್ಲೂ ಗೊತ್ತಾಗುತ್ತದೆ. ಒಂದು ಗಳಿಗೆ, ಮಾತಾಡದೆ ಇರಲಾಗದ ಗಳಿಗೆ. ಎಲ್ಲಕ್ಕಿಂತ ಮುಖ್ಯವಾಗಿ, ಮಾತಾಡುವವರು ತಮಗೆ ಗೊತ್ತಿಲ್ಲದೆ ತಮ್ಮನ್ನೇ ಬಯಲು ಮಾಡಿಕೊಳ್ಳುತ್ತಾರೆ. ಹೇಳಬೇಕೆಂದು ಹೊರಟದ್ದು ಒಂದು, ಬಾಯಿಂದ ಜಾರಿದ್ದು ಇನ್ನೊಂದು.

ಈ ಕೊನೆಯದೇ ನದಿಯ ವಿಷಯದಲ್ಲಿ ತೊಡಕು. ನಮ್ಮ ಪದ್ಯಗಳಲ್ಲಿ ನದಿ ತಾಯಿ, ಇಲ್ಲವೇ ನೊಂದವಳು. ತಾಯಿಗೆ ಮುಚ್ಚಿಡಲು ಏನಿದೆ? ನೊಂದವಳು ದೂರು ಹೇಳುತ್ತಾಳೆ, ಅದರಲ್ಲಿ ಬಯಲಾಗುವಂಥದ್ದೇನೂ ಇಲ್ಲ. ಹಾಗಾಗಿ ಮೊದಲು ಮಾಡಬೇಕಾದ ಕೆಲಸ ನದಿಗೊಂದು ತಪ್ಪು ಕೊಡುವುದು. ನಿಜವಾದ ನದಿಗೆ ಅದು ಇದ್ದೇ ಇದೆ. ದಡ ಕೊರೆಯುತ್ತದೆ, ಹೊಲ ನುಂಗುತ್ತದೆ, ರಾತ್ರಿ ಹೊತ್ತು ಬರುತ್ತದೆ.

ಅಂಥದ್ದೊಂದು ಪದ್ಯ ಬರೆಯಲು ನಾನು ಆರಿಸಿಕೊಂಡ ಸಂದರ್ಭ ಇದು. ನದಿ ಬಾಗುವ ಜಾಗ. ಬಾಗಿನ ಹೊರದಡದಲ್ಲಿ ಒಬ್ಬನ ಹೊಲ, ಪಕ್ಕದಲ್ಲೇ ಮನೆ. ಹೋದ ಸಲ ಹೊಲದ ಅಂಚು ಕುಸಿದು ಹೋಗಿದೆ. ಈ ಸಲ ಅವನು ಮರಳಿನ ಚೀಲ ಒಟ್ಟುತ್ತಿದ್ದಾನೆ. ಸಂಜೆ ಕಳೆದಿದೆ, ಆಕಾಶ ತಿಳಿಯಾಗಿದೆ. ಆದರೆ ಮೇಲೆ, ಬೆಟ್ಟದಲ್ಲಿ, ಮಧ್ಯಾಹ್ನದಿಂದ ಮಳೆ ಸುರಿಯುತ್ತಿದೆ. ಇದು ನದಿಗೆ ಗೊತ್ತು, ಅವನಿಗೆ ಗೊತ್ತಿಲ್ಲ. ಮೇಲೆ ಬಿದ್ದ ಮಳೆ ಕೆಳಗಿನ ಬಯಲು ಮುಟ್ಟಲು ಗಂಟೆಗಟ್ಟಲೆ ಹಿಡಿಯುತ್ತದೆ. ಆ ಗಂಟೆಗಳ ನಡುವೆ ನಿಂತು ನದಿ ಅವನ ಜೊತೆ ಹರಟುತ್ತಿದೆ. ಹೇಳುತ್ತದೋ ಇಲ್ಲವೋ ಅನ್ನುವುದೇ ಕುತೂಹಲ.

ಇನ್ನು ಛಂದಸ್ಸು. ಇಂಗ್ಲಿಷಿನ ಪ್ರಾಸವಿಲ್ಲದ ಪದ್ಯ ನಿಂತಿರುವುದು ಉಚ್ಚಾರದ ಒತ್ತಿನ ಮೇಲೆ, ಒಂದು ಸಾಲಿಗೆ ಐದು ಒತ್ತು. ಕನ್ನಡಕ್ಕೆ ಆ ಬಗೆಯ ಒತ್ತು ಇಲ್ಲ, ನಮ್ಮದು ಮಾತ್ರೆಯ ಲೆಕ್ಕ. ಅದಕ್ಕೆ ಹೊಂದುವಂಥದ್ದು ಕನ್ನಡದಲ್ಲೇ ಇತ್ತು. ಹರಿಹರ ಶರಣರ ಕಥೆಗಳನ್ನು ಹೇಳಿದ ರಗಳೆಗಳಲ್ಲಿ ಲಲಿತ ರಗಳೆ ಒಂದು ಬಗೆ: ಐದು ಮಾತ್ರೆಯ ಗಣ, ಸಾಲಿಗೆ ನಾಲ್ಕು. ಇಪ್ಪತ್ತನೇ ಶತಮಾನದ ಕವಿಗಳು ಅದರ ಪ್ರಾಸವನ್ನು ಕಳಚಿ, ಸಾಲಿನ ಕೊನೆಗೆ ವಾಕ್ಯ ನಿಲ್ಲಲೇಬೇಕೆಂಬ ಕಟ್ಟನ್ನೂ ಬಿಚ್ಚಿದರು. ಅದೇ ಸರಳ ರಗಳೆ. ಕುವೆಂಪು ಅದನ್ನು ನಾಟಕಕ್ಕೂ ಒಗ್ಗಿಸಿದರು, ಬೆಳೆಸಿ ಮಹಾಕಾವ್ಯಕ್ಕೂ ಒಯ್ದರು.

ಐದು ಮಾತ್ರೆಯೇ ಯಾಕೆ? ಬಾಯಲ್ಲಿ ಹೇಳಿ ನೋಡಿದರೆ ತಿಳಿಯುತ್ತದೆ. ‘ಬೆಟ್ಟದಲ್ಲಿ ಹುಟ್ಟಿ ಬಂದೆ, ಬಯಲಿನಲ್ಲಿ ಹರಿದು ನಿಂದೆ’. ಇದು ಮೂರು ಮೂರು ಮಾತ್ರೆಯ ನಡೆ, ತಾನಾಗಿ ಕುಣಿಯುತ್ತದೆ. ಮಕ್ಕಳ ಹಾಡಿಗೆ ಸೊಗಸು, ಗುಟ್ಟು ಮುಚ್ಚಿಡುವವಳ ಬಾಯಿಗೆ ಹೊಂದದು. ನಾಲ್ಕರ ನಡೆ ಕವಾಯತಿನ ಹೆಜ್ಜೆ. ಐದು ಒಳಗೇ ಮೂರು ಮತ್ತು ಎರಡಾಗಿ ಒಡೆಯುತ್ತದೆ, ಸಮವಾಗಿ ಬೀಳುವುದಿಲ್ಲ. ಹಾಗಾಗಿ ಅದು ಮಾತಿಗೆ ತೀರ ಹತ್ತಿರ. ಲಯ ಇದೆ ಅಂತ ಕಿವಿಗೆ ಗೊತ್ತಾಗುತ್ತದೆ, ತಲೆ ಮಾತ್ರ ತೂಗುವುದಿಲ್ಲ.

ಪದ್ಯದ ಮೊದಲ ಭಾಗ ಹೀಗೆ ಬಂತು.

ಸಾಕು ತಮ್ಮಾ, ಚೀಲ ಕೆಳಗಿಟ್ಟು ಕುಳಿತುಕೋ
ಒಂದಿಷ್ಟು ಹೊತ್ತು. ನೀನೊಟ್ಟಿರುವ ಮರಳೆಲ್ಲ
ನನ್ನದೇ, ಅಲ್ಲಿ, ಮೇಲಿನ ಬೆಟ್ಟದಂಚಿಂದ
ಹೊತ್ತು ತಂದದ್ದು. ನನ್ನ ತಡೆಯಲು ನನ್ನದೇ
ಮೈಮಣ್ಣು! ಇರಲಿ, ತಪ್ಪೇನಿಲ್ಲ. ಹೋದ ಸಲ
ನಿನ್ನ ಹೊಲದಂಚು ಕುಸಿದಾಗ ನೀ ಬೈದದ್ದು
ಕೇಳಿದೆನು. ಕದ್ದವಳು ಎಂದೆ. ಕದ್ದೆನೆ ನಾನು?

ಮೊದಲ ಸಾಲನ್ನು ಗಣಕ್ಕೆ ಒಡೆದರೆ ‘ಸಾಕು ತಮ್ | ಮಾ ಚೀಲ | ಕೆಳಗಿಟ್ಟು | ಕುಳಿತುಕೋ’. ಹ್ರಸ್ವಕ್ಕೆ ಒಂದು ಮಾತ್ರೆ. ದೀರ್ಘಕ್ಕೆ, ಒತ್ತಕ್ಷರದ ಹಿಂದಿನ ಅಕ್ಷರಕ್ಕೆ, ಸೊನ್ನೆ ಇರುವ ಅಕ್ಷರಕ್ಕೆ ಎರಡು. ಒಂದು ಮಾತ್ರೆಯದು ಲಘು, ಎರಡರದು ಗುರು. ಎಣಿಸಿದರೆ ಪ್ರತಿ ತುಂಡೂ ಐದು. ಒಂದು ಗಮನಿಸಿ: ‘ತಮ್ಮಾ’ ಗಣದ ಗೆರೆಯ ಮೇಲೆ ಒಡೆದಿದೆ. ಪದ ಒಂದು ಕಡೆ ನಿಂತರೆ ಲಯ ಇನ್ನೊಂದು ಕಡೆ ಮುಗಿಯುತ್ತದೆ. ಈ ಜಗ್ಗಾಟ ಇಲ್ಲದೆ ಪ್ರತಿ ಗಣವೂ ಒಂದೊಂದು ಪದವಾದರೆ ಸರಳ ರಗಳೆ ಸತ್ತಂತೆಯೇ, ಮಗ್ಗಿ ಹೇಳಿದ ಹಾಗೆ ಕೇಳುತ್ತದೆ.

ಎಣಿಕೆ ಸರಿಯಾಗಿಯೂ ಸಾಲು ಎಡವುವುದುಂಟು. ಮುಂದೆ ಬರುವ ಒಂದು ಸಾಲು ‘ಇಲ್ಲಿ ಹನಿ ಬಿದ್ದಿಲ್ಲ’ ಅಂತ ಶುರುವಾಗುತ್ತದೆ. ಅದರ ಬದಲು ‘ನೆಲಕ್ಕೆ ಹನಿ ಬಿದ್ದಿಲ್ಲ’ ಅಂತ ಇಟ್ಟು ಹೇಳಿ. ‘ನೆಲಕ್ಕೆ ಹ’ ಐದು ಮಾತ್ರೆ, ‘ನಿ ಬಿದ್ದಿಲ್’ ಐದು ಮಾತ್ರೆ. ಲೆಕ್ಕದಲ್ಲಿ ಕೊರತೆ ಇಲ್ಲ. ಆದರೂ ನಾಲಿಗೆ ತಡವರಿಸುತ್ತದೆ, ಯಾಕೆಂದರೆ ಎರಡು ಗಣಗಳೂ ಲಘುವಿನಿಂದ ಶುರುವಾಗಿ ತಕ್ಷಣ ಗುರುವಿಗೆ ಹಾರುತ್ತವೆ. ಮಾತ್ರಾಗಣದ ತಲೆಯಲ್ಲಿ ಲಘು, ಅದರ ಬೆನ್ನಿಗೆ ಗುರು ಬರಬಾರದು ಅನ್ನುವುದು ಹಳೆಯ ಛಂದಸ್ಸಿನವರ ಎಚ್ಚರಿಕೆ. ವಾಚನಕ್ಕೆ ಬರೆಯುವವರಿಗೆ ಅದು ಪುಸ್ತಕದ ನಿಯಮಕ್ಕಿಂತ ಹೆಚ್ಚು. ವೇದಿಕೆ ಮೇಲೆ ಹೇಳುವವಳು ಒಂದೇ ಜಾಗದಲ್ಲಿ ಮತ್ತೆ ಮತ್ತೆ ತೊದಲುತ್ತಿದ್ದರೆ ಅವಳನ್ನು ಬೈಯುವ ಮೊದಲು ಆ ಸಾಲಿನ ಗಣಗಳ ತಲೆ ನೋಡಬೇಕು.

ತುಂಬುಪದ ಇನ್ನೊಂದು ಪೀಡೆ. ಐದನೆಯ ಸಾಲಿಗೆ ‘ಮೈಮಣ್ಣು! ಇರಲಿ, ತಪ್ಪೆನ್ನಲಾರೆನು ನಾನು’ ಅನ್ನುವ ರೂಪವೂ ಕೂರುತ್ತದೆ, ಇಪ್ಪತ್ತು ಮಾತ್ರೆ ಚೊಕ್ಕವಾಗಿ ಆಗುತ್ತದೆ. ಆದರೆ ಕೊನೆಯ ‘ನಾನು’ ಬಂದಿರುವುದು ಅರ್ಥಕ್ಕಲ್ಲ, ಲೆಕ್ಕಕ್ಕೆ. ಅದು ಬಂದಕೂಡಲೇ ವಾಕ್ಯವೂ ಸಾಲೂ ಒಟ್ಟಿಗೆ ಮುಗಿದು ಹರಿವು ನಿಲ್ಲುತ್ತದೆ. ‘ತಪ್ಪೇನಿಲ್ಲ. ಹೋದ ಸಲ’ ಅಂತ ಮಾಡಿದರೆ ನದಿ ಹಳೆಯ ಜಗಳದ ಹೊಸ್ತಿಲಲ್ಲಿ ಕಾಲಿಟ್ಟು ಸಾಲು ಮುಗಿಸುತ್ತದೆ, ಕೇಳುವವನು ಮುಂದಿನ ಸಾಲಿಗೆ ಕಿವಿ ಚಾಚುತ್ತಾನೆ. ಸಾಲಿನ ಕೊನೆಯಲ್ಲಿ ‘ನಾನು’, ‘ಅಂದು’, ‘ತಾನೆ’ ಪದೇ ಪದೇ ಕಂಡರೆ ಬರೆದವರು ಬೆರಳು ಮಡಚಿ ಎಣಿಸುತ್ತಿದ್ದರು ಅಂತ ಅರ್ಥ.

ಮುಂದಿನ ತುಂಡು ನನಗೆ ಎಲ್ಲಕ್ಕಿಂತ ಇಷ್ಟ. ನದಿ ಇಲ್ಲಿ ವಕೀಲಿಕೆ ಮಾಡುತ್ತದೆ.

ಆಚೆ ದಡ ನೋಡು, ತಿರುವಿನೊಳಗಡೆ, ಹೊಸತೊಂದು
ದಿಬ್ಬವೆದ್ದಿದೆ. ನಾನು ಇಲ್ಲಿ ತೆಗೆದದ್ದಲ್ಲಿ
ಇಟ್ಟಿರುವೆ. ಕದ್ದುದಲ್ಲವದು, ಕೈ ಬದಲಾಯ್ತು
ಅಷ್ಟೆ.

ಇದು ಕೇಳಲು ನ್ಯಾಯವಾಗಿದೆ, ಭೂಗೋಳದ ಪಾಠದ ಹಾಗೂ ಇದೆ. ನದಿ ಬಾಗುವಲ್ಲಿ ನೀರಿನ ರಭಸ ಹೊರದಡದ ಕಡೆ ಹೆಚ್ಚು, ಆದ್ದರಿಂದ ಅಲ್ಲಿ ಕೊರೆತ. ಒಳದಡದಲ್ಲಿ ನೀರು ನಿಧಾನ, ಹೊತ್ತು ತಂದದ್ದನ್ನು ಅಲ್ಲಿ ಇಳಿಸುತ್ತದೆ, ಮರಳಿನ ದಿಬ್ಬ ಬೆಳೆಯುತ್ತದೆ. ಆದರೆ ನದಿ ಹೇಳುವುದು ಅರ್ಧ ಸತ್ಯ. ಇಲ್ಲಿ ಕೊರೆದದ್ದು ನೇರವಾಗಿ ಎದುರು ದಡಕ್ಕೆ ದಾಟುವುದು ಕಡಿಮೆ, ಹೆಚ್ಚಿನದು ಹರಿವಿನ ಜೊತೆ ಕೆಳಗಿನ ತಿರುವುಗಳಿಗೆ ಹೋಗುತ್ತದೆ. ಅದಕ್ಕಿಂತ ದೊಡ್ಡ ಮೋಸ ಇನ್ನೊಂದಿದೆ. ಹೊಲದ ಮೇಲ್ಮಣ್ಣು ನಯ, ಅದು ನೀರಲ್ಲಿ ಕದಡಿ ತೇಲಿಕೊಂಡೇ ದೂರ ಹೋಗಿಬಿಡುತ್ತದೆ. ದಿಬ್ಬವಾಗಿ ಕೂರುವುದು ದಪ್ಪ ಮರಳು. ಅವನು ಕಳೆದುಕೊಂಡದ್ದು ಬೆಳೆ ಬರುವ ಮಣ್ಣು, ತೋರಿಸುತ್ತಿರುವುದು ಏನೂ ಬೆಳೆಯದ ಮರಳು. ‘ಕೈ ಬದಲಾಯ್ತು’ ಅನ್ನುವ ಮಾತು ಕೇಳಿ ಒಬ್ಬ ರೈತ ಸಭೆಯಲ್ಲಿದ್ದರೆ ನಕ್ಕಾನು.

ಈ ಸುಳ್ಳನ್ನು ಪದ್ಯದೊಳಗೆ ಬಿಡಿಸಿ ಹೇಳಬಾರದು ಅನ್ನುವುದು ನನ್ನ ಹಟ. ಹೇಳಿದರೆ ನದಿಯ ಬಾಯಲ್ಲಿ ಕವಿ ಮಾತಾಡಿದ ಹಾಗಾಗುತ್ತದೆ. ನದಿ ತನ್ನ ವಾದವನ್ನು ಪೂರ್ತಿ ನಂಬಿಯೇ ಹೇಳಬೇಕು. ಹೇಳುವ ಹುಡುಗಿಗೂ ಅದನ್ನೇ ಕಿವಿಮಾತಾಗಿ ಕೊಡುವುದು: ಇಲ್ಲಿ ಕುಹಕ ಬೇಡ, ಕಣ್ಣು ಮಿಟುಕಿಸುವುದು ಬೇಡ. ಲೆಕ್ಕ ಒಪ್ಪಿಸುವ ದನಿಯಲ್ಲಿ ಹೇಳು. ‘ಕೈ ಬದಲಾಯ್ತು’ ಅಂದಮೇಲೆ ಸಾಲು ಮುಗಿಯುತ್ತದೆ, ‘ಅಷ್ಟೆ’ ಮುಂದಿನ ಸಾಲಿನ ಮೊದಲ ಪದ. ಅಲ್ಲಿ ಉಸಿರು ಎಳೆದುಕೊಳ್ಳುವಷ್ಟಲ್ಲ, ಕಣ್ಣು ಎತ್ತುವಷ್ಟು ಬಿಡುವು ಸಾಕು.

ಸಾಲಿನ ಕೊನೆಯನ್ನು ವೇದಿಕೆಯಲ್ಲಿ ಹೇಗೆ ಹೇಳಬೇಕು ಅನ್ನುವುದಕ್ಕೆ ಎರಡು ಪಂಥಗಳಿವೆ. ಸಾಲನ್ನು ಮರೆತುಬಿಡಿ, ವಾಕ್ಯ ಹೇಳಿ ಅನ್ನುವವರು ಕೆಲವರು. ಹಾಗೆ ಮಾಡಿದರೆ ಅದು ಗದ್ಯವಾಗುತ್ತದೆ, ಗಣದ ಕಷ್ಟವೆಲ್ಲ ನೀರುಪಾಲು. ಪ್ರತಿ ಸಾಲಿಗೂ ನಿಲ್ಲಿ ಅನ್ನುವವರು ಇನ್ನು ಕೆಲವರು. ಹಾಗೆ ನಿಂತರೆ ‘ಮರಳೆಲ್ಲ... ನನ್ನದೇ’ ಅಂತ ಪ್ರತಿ ಸಲವೂ ಗುಟ್ಟು ಬಿಚ್ಚುವ ನಾಟಕ ಆಗುತ್ತದೆ. ನಾನು ನಡುವಿನವನು. ಸಾಲಿನ ಕೊನೆಯ ಅಕ್ಷರವನ್ನು ಇಳಿಸದೆ ಹಿಡಿದು, ದನಿ ಬೀಳದಂತೆ ನೋಡಿಕೊಂಡು ದಾಟುವುದು. ನಿಜವಾದ ನಿಲುಗಡೆಯನ್ನು ಸಾಲಿನ ನಡುವಿನ ಪೂರ್ಣವಿರಾಮಕ್ಕೆ ಉಳಿಸಿಕೊಳ್ಳುವುದು. ‘ಕೇಳಿದೆನು. ಕದ್ದವಳು ಎಂದೆ. ಕದ್ದೆನೆ ನಾನು?’ ಒಂದೇ ಸಾಲಲ್ಲಿ ಮೂರು ವಾಕ್ಯ. ಇಲ್ಲಿ ಎರಡು ಸಲ ನಿಲ್ಲಬೇಕು, ನಿಂತಾಗ ಎದುರಿನವನು ಮುಖ ತಿರುಗಿಸುವುದು ಕಾಣಬೇಕು. ಅವನು ಕಾಣುವುದಕ್ಕೆ ಹೇಳುವವಳ ಕಣ್ಣು ಒಂದು ಕಡೆ ನೆಟ್ಟಿರಬೇಕು. ಸಭೆಯನ್ನು ಎಡದಿಂದ ಬಲಕ್ಕೆ ಗುಡಿಸುವ ಭಾಷಣದ ನೋಟ ಇಲ್ಲಿ ನಡೆಯದು. ಅವನು ಚೀಲ ಒಟ್ಟುತ್ತಿರುವುದು ದಡದ ಮೇಲೆ, ನದಿ ಕೆಳಗೆ. ಹಾಗಾಗಿ ನೋಟ ಸಭೆಯ ತಲೆಗಿಂತ ತುಸು ಮೇಲಕ್ಕೆ. ಇಷ್ಟು ಸಣ್ಣ ವಿಷಯವನ್ನು ಮೊದಲೇ ಗೊತ್ತು ಮಾಡಿಕೊಂಡರೆ ಕೈ ಬೀಸುವ ಅರ್ಧ ಚಟ ತಾನಾಗಿ ಬಿಡುತ್ತದೆ. ಅಂದಹಾಗೆ ನೀಲಿ ಸೀರೆ, ಅಲೆಯ ಹಾಗೆ ಸೆರಗು ಬೀಸುವುದು, ಹಿನ್ನೆಲೆಯಲ್ಲಿ ಜುಳುಜುಳು ಸದ್ದು, ಇವೆಲ್ಲ ಏಕಪಾತ್ರಾಭಿನಯಕ್ಕೆ ಬಿಟ್ಟದ್ದು.

ಉಳಿದ ಭಾಗ:

ಅಷ್ಟೆ. ನೀನೇಕೆ ಮುಗಿಲನು ನೋಡುತಿರುವೆ? ಬಿಡು,
ಇಲ್ಲಿ ಹನಿ ಬಿದ್ದಿಲ್ಲ. ಚುಕ್ಕಿ ಮೂಡಿವೆ. ಇನ್ನು
ಮಾತಾಡು. ನಿನ್ನ ಮಗಳೆಲ್ಲಿ? ಮಲಗಿರುವಳೇ?
ಸುಮ್ಮನೇ ಕೇಳಿದೆನು. ನಡುಹಗಲಿನಿಂದಲೂ
ಮೇಲೆ ಸುರಿಯುತಿದೆ ಮಳೆ. ಹೇಳಬಾರದು ಎಂದು
ಇದ್ದೆ. ನೀನೆದ್ದು ಹೋದರೆ ಯಾರು ನನ್ನೊಡನೆ
ಮಾತಾಡುವವರುಂಟು? ಏಳು. ಮಗಳನ್ನೆತ್ತು.

‘ಇಲ್ಲಿ ಹನಿ ಬಿದ್ದಿಲ್ಲ’ ಅನ್ನುವಲ್ಲಿ ಸುಳ್ಳಿಲ್ಲ. ‘ಇಲ್ಲಿ’ ಅನ್ನುವ ಒಂದು ಪದದ ಹಿಂದೆ ನದಿ ಅಡಗಿಕೊಂಡಿದೆ. ಆ ಪದವನ್ನು ಒತ್ತಿ ಹೇಳಿದರೆ ಗುಟ್ಟು ಆಗಲೇ ರಟ್ಟು, ಸಭೆಗೆ ಮೂರು ಸಾಲು ಮೊದಲೇ ಎಲ್ಲ ಗೊತ್ತಾಗುತ್ತದೆ. ಹೇಳುವವರು ಅರ್ಥ ತಿಳಿದಿರುವ ಕಾರಣಕ್ಕೇ ಒತ್ತಿಬಿಡುತ್ತಾರೆ. ತಿಳಿದೂ ಒತ್ತದೆ ದಾಟುವುದು ಅಭ್ಯಾಸದಿಂದ ಬರಬೇಕು.

ಮಗಳು ಇದ್ದಕ್ಕಿದ್ದಂತೆ ಬಂದಳು ಅಂತ ಅನ್ನಿಸಬಹುದು. ಹಾಗೆ ಅನ್ನಿಸಬೇಕು. ನದಿಯ ಮನಸ್ಸು ಅಷ್ಟು ಹೊತ್ತಿನಿಂದ ಅತ್ತಲೇ ಇತ್ತು, ಹರಟೆ ಅದನ್ನು ಮುಚ್ಚಿಡುವ ಹೊದಿಕೆ. ‘ಸುಮ್ಮನೇ ಕೇಳಿದೆನು’ ಅನ್ನುವ ತೇಪೆ ಹಚ್ಚಿದಾಗ ಸಭೆಗೆ ಮೊದಲ ಸಲ ಅನುಮಾನ ಬರುತ್ತದೆ. ನಂತರ ತಪ್ಪೊಪ್ಪಿಗೆ ಎರಡು ಸಾಲುಗಳಾಗಿ ಒಡೆದು ಬರುತ್ತದೆ: ‘ಹೇಳಬಾರದು ಎಂದು’, ಸಾಲು ಮುಗಿಯಿತು, ‘ಇದ್ದೆ’. ಆ ಒಡಕಿನಲ್ಲಿ ಒಂದು ಕ್ಷಣ ನದಿ ಹೇಳದೆಯೇ ಇದ್ದುಬಿಡಬಹುದು ಅನ್ನಿಸುತ್ತದೆ. ಇಡೀ ಪದ್ಯದಲ್ಲಿ ವಾಕ್ಯ ಮುಗಿಯದೆಯೂ ಸಾಲಿನ ಕೊನೆಗೆ ಪೂರ್ತಿ ನಿಲ್ಲಬಹುದಾದ ಜಾಗ ಅದೊಂದೇ. ಅದಕ್ಕೇ ಬೇರೆ ಕಡೆಯೆಲ್ಲ ನಿಲ್ಲದೆ ಉಳಿಸಿಕೊಂಡು ಬಂದದ್ದು.

ಹೇಳಬಾರದು ಅಂದುಕೊಂಡ ಕಾರಣ ದುಷ್ಟತನ ಅಲ್ಲ, ಒಂಟಿತನ. ಇಲ್ಲಿ ಕೆಲವು ಗೆಳೆಯರು ತಕರಾರು ತೆಗೆದರು. ನದಿ ನೆರೆಯನ್ನು ಬೇಕೆಂದು ತರುವಂತೆ ಬರೆದರೆ ಇನ್ನೂ ನಾಟಕೀಯ ಅಲ್ಲವೇ ಅಂತ. ಅಲ್ಲ. ಕೇಡಿನ ಪಾತ್ರಕ್ಕೆ ಬಯಲಾಗುವಂಥದ್ದು ಏನೂ ಉಳಿಯುವುದಿಲ್ಲ, ನೊಂದ ಪಾತ್ರದ್ದೂ ಅದೇ ಕಥೆ. ಎರಡೂ ಒಂದೇ ಬಣ್ಣ. ಮಾತಿಗೆ ಹಸಿದು ಒಬ್ಬ ಮನುಷ್ಯನನ್ನು ಅಪಾಯದಲ್ಲಿ ಕೂರಿಸಿಕೊಂಡವಳು ಎರಡೂ ಕಡೆ ಸೇರುವುದಿಲ್ಲ.

ಕೊನೆಯ ಪದಕ್ಕೆ ಎರಡು ರೂಪ ಸಾಧ್ಯವಿತ್ತು. ‘ಮಗಳನು ಎತ್ತು’ ಅಂದರೂ ಮಾತ್ರೆ ಅಷ್ಟೇ. ಅದು ಲಘು ಲಘುವಾಗಿ ಓಡಿ ಬಂದು ‘ಎತ್ತು’ ಅನ್ನುವಲ್ಲಿ ನಿಲ್ಲುತ್ತದೆ, ಲಾಲಿಯ ಹಾಗೆ ಮೆತ್ತಗೆ ಕೇಳುತ್ತದೆ. ‘ಮಗಳನ್ನೆತ್ತು’ ಅಂದಾಗ ಎರಡು ಗುರು ಬೆನ್ನುಬೆನ್ನಿಗೆ ಬಡಿಯುತ್ತವೆ. ನಾವು ಗಾಬರಿಯಲ್ಲಿ ಮಾತಾಡುವಾಗ ಸಂಧಿ ಮಾಡಿಯೇ ಮಾತಾಡುತ್ತೇವೆ, ಬಿಡಿಸಿ ಹೇಳುವ ಪುರಸೊತ್ತು ಇರುವುದಿಲ್ಲ. ಹಾಗಾಗಿ ಎರಡನೆಯದು ಉಳಿಯಿತು. ‘ಏಳು’ ಮತ್ತು ‘ಮಗಳನ್ನೆತ್ತು’ ನಡುವೆ ಬಿಡುವು ಇಲ್ಲ. ದನಿ ಏರಿಸುವುದೂ ಬೇಡ, ವೇಗ ಮಾತ್ರ ಏರಬೇಕು. ಕೂಗಿದರೆ ಮೈಕು ಸೀಳಿ ಅಕ್ಷರ ಹೋಗುತ್ತದೆ, ಒತ್ತಕ್ಷರಗಳೇ ಮೊದಲು ಹೋಗುವುದು.

ಇವು ಹದಿನೇಳು ಸಾಲು. ಬಿಡುವುಗಳನ್ನು ಸರಿಯಾಗಿ ಕೊಟ್ಟು ಹೇಳಿದರೆ ನಿಮಿಷಕ್ಕೆ ಹತ್ತು ಹನ್ನೆರಡು ಸಾಲಿಗಿಂತ ಹೆಚ್ಚು ಹೋಗುವುದಿಲ್ಲ, ಅಂದರೆ ಒಂದೂವರೆ ನಿಮಿಷದ ಆಸುಪಾಸು. ನಾಲ್ಕು ನಿಮಿಷದ ಸ್ಪರ್ಧೆಗೆ ಇದನ್ನು ಹಿಗ್ಗಿಸಬೇಕಾದರೆ ನದಿಯ ಹುಟ್ಟು, ಕಾಡು, ಕಡಲು ಅಂತ ತುದಿಗಳಿಗೆ ಅಂಟಿಸಲು ಹೋಗಬೇಡಿ. ವಕೀಲಿಕೆಯ ಭಾಗವೇ ಬೆಳೆಯಬಲ್ಲದು. ಅವನ ಅಜ್ಜನ ಕಾಲದಲ್ಲಿ ನದಿ ಎಲ್ಲಿ ಹರಿಯುತ್ತಿತ್ತು, ಹೊಲ ಇರುವ ಜಾಗ ಯಾವತ್ತು ತನ್ನದಾಗಿತ್ತು, ಯಾವ ವರ್ಷ ಬಿಟ್ಟುಕೊಟ್ಟೆ, ಎಷ್ಟು ಸಲ ಸುಮ್ಮನೆ ದಾಟಿ ಹೋದೆ. ನೆಪ ಉದ್ದವಾದಷ್ಟೂ ಬೆಟ್ಟದ ಮಳೆಗೆ ಕೆಳಗಿಳಿಯಲು ಹೊತ್ತು ಸಿಗುತ್ತದೆ, ನದಿ ಬಾಯಿ ಬಿಟ್ಟಾಗ ಅದು ತೀರ ತಡವಾಗಿರಬಹುದೆಂಬ ಭಯವೂ ಬೆಳೆಯುತ್ತದೆ. ಗಂಟೆ ಬಾರಿಸುವವರು ಅವಸರ ಮಾಡಿ ಕತ್ತರಿ ಹಾಕಲೇಬೇಕಾಗಿ ಬಂದರೆ ಆ ನೆಪಗಳಲ್ಲೇ ಒಂದೆರಡು ಬಿಡಿ. ಮಗಳ ಪ್ರಶ್ನೆಯಿಂದ ಕೊನೆಯವರೆಗಿನ ಐದು ಸಾಲು ಮುಟ್ಟಬೇಡಿ.